ಬೀದಿ ಫೋಟೋದಲ್ಲಿ ಕರೆಂಟ್ ತಂತಿ, ಕಂಬ ಅಳಿಸಲು ಯಾವ ಟೂಲ್ ಒಳ್ಳೆಯದು? ಕಟ್ಟಡದ ಅಂಚು ಸೊಟ್ಟ ಆಗದ ಹಾಗೆ ಆರಿಸುವುದು ಹೇಗೆ

ಆಕಾಶದ ಮುಂದೆ ಹಾದುಹೋದ ತಂತಿಯನ್ನು ಈಗ ಯಾವ ಫೋನ್ ಆ್ಯಪ್ ಬೇಕಾದರೂ ಅಳಿಸುತ್ತದೆ. ಅದಕ್ಕೆ ಮಾರ್ಗದರ್ಶಿ ಬೇಕಾಗಿಲ್ಲ. ಕಷ್ಟ ಶುರುವಾಗುವುದು ಅದೇ ತಂತಿ ಪ್ಯಾರಾಪೆಟ್ ಗೋಡೆಯ ಅಂಚನ್ನು ದಾಟುವ ಕಡೆ. ಅಲ್ಲಿ ಬ್ರಷ್ ಆಡಿಸಿದ ಕೂಡಲೇ ಗೋಡೆಯ ಗೆರೆ ಸ್ವಲ್ಪ ತಗ್ಗುತ್ತದೆ, ಇಲ್ಲವೇ ಉಬ್ಬುತ್ತದೆ, ಇಲ್ಲವೇ ಆಕಾಶದ ಬಿಳಿ ಬಣ್ಣ ಗೋಡೆಯೊಳಗೆ ಸೋರುತ್ತದೆ. ಚಿಕ್ಕ ಪರದೆಯಲ್ಲಿ ಗೊತ್ತಾಗುವುದಿಲ್ಲ. ಫೋಟೋ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದಾಗ ಮೊದಲು ಕಣ್ಣಿಗೆ ಬೀಳುವುದೇ ಅದು.

ಹಾಗಾಗಿ ನನ್ನ ಸಲಹೆ ಇಷ್ಟು. ತಂತಿ ಎಷ್ಟು ದಪ್ಪ, ಎಷ್ಟು ಉದ್ದ ಅಂತ ನೋಡಿ ಟೂಲ್ ಆರಿಸಬೇಡಿ, ಆ ತಂತಿಯ ಹಿಂದೆ ಏನಿದೆ ಅಂತ ನೋಡಿ ಆರಿಸಿ. ಒಂದೇ ತಂತಿ ಆಕಾಶದ ಮುಂದೆ ಹೋಗಿ, ಕಾರ್ನಿಸ್ ದಾಟಿ, ಗೋಡೆ ಮೇಲೆ ಹಾದು, ಕಿಟಕಿಯ ಸಜ್ಜಾ ಪಕ್ಕದಲ್ಲಿ ಮುಗಿಯಬಹುದು. ಆ ನಾಲ್ಕು ತುಂಡಿಗೂ ಬೇರೆ ಬೇರೆ ಟೂಲ್ ಬೇಕು. ಒಂದೇ ಟೂಲ್ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆದರೆ ಎಲ್ಲೋ ಒಂದು ಕಡೆ ಕೆಡುತ್ತದೆ.

ಮಾತು ಗಾಳಿಯಲ್ಲಿ ಹೋಗಬಾರದು ಅಂತ ಒಂದು ಫೋಟೋ ಇಟ್ಟುಕೊಂಡೇ ಹೇಳುತ್ತೇನೆ. ದಾವಣಗೆರೆ ಮಂಡಿಪೇಟೆಯ ಒಂದು ಹಳೆಯ ಎರಡಂತಸ್ತಿನ ಅಂಗಡಿ ಕಟ್ಟಡ. ಕೆಳಗೆ ಸಾಲಾಗಿ ರೋಲಿಂಗ್ ಷಟರ್, ಮೇಲೆ ಒಂದೇ ಅಳತೆಯ ಮರದ ಕಿಟಕಿಗಳು, ಅದರ ಮೇಲೆ ಗಾರೆಯ ಕಾರ್ನಿಸ್, ಮತ್ತೆ ಪ್ಯಾರಾಪೆಟ್. ರಸ್ತೆ ಇಕ್ಕಟ್ಟು, ಎದುರಿಗೆ ನಿಂತು ಪೂರ್ತಿ ಹಿಡಿಯಲು ಜಾಗ ಸಾಲದು. ಹಾಗಾಗಿ ಸ್ವಲ್ಪ ಓರೆಯಾಗಿ ನಿಂತು ಫೋನಿನ ಮುಖ್ಯ ಕ್ಯಾಮೆರಾದಲ್ಲಿ ತೆಗೆದದ್ದು, ಸುಮಾರು 4000 × 3000 ಪಿಕ್ಸೆಲ್. ಮೇಲೆ ಮೂರು ತಂತಿ ಬರೀ ಆಕಾಶದ ಮುಂದೆ ಇವೆ. ಇನ್ನೊಂದು ಪ್ಯಾರಾಪೆಟ್ ಅಂಚನ್ನು ಓರೆಯಾಗಿ ದಾಟುತ್ತದೆ. ಕಂಬದಿಂದ ಒಂದು ಸರ್ವಿಸ್ ವೈರ್ ಗೋಡೆಗೆ ಬಂದು ಕಬ್ಬಿಣದ ಕ್ಲಾಂಪಿಗೆ ಸೇರುತ್ತದೆ. ಕಂಬ ಮಾತ್ರ ಬಲಗಡೆ ಒಂದು ಕಿಟಕಿಯ ಅರ್ಧ, ಒಂದು ಷಟರಿನ ಅಂಚು ಮುಚ್ಚಿಕೊಂಡು ನಿಂತಿದೆ. ನಮ್ಮೂರಿನ ಯಾವ ಹಳೇ ಪೇಟೆ ಬೀದಿಯಲ್ಲಿ ನಿಂತರೂ ಹೆಚ್ಚುಕಡಿಮೆ ಇದೇ ಚಿತ್ರ ಸಿಗುತ್ತದೆ, ಅಲ್ವಾ?

ಅಳಿಸುವ ಮೊದಲು ಗೆರೆ ನೇರ ಮಾಡಿ

ಹೆಚ್ಚಿನವರು ಮೊದಲು ತಂತಿ ಅಳಿಸಿ, ಆಮೇಲೆ ಕಟ್ಟಡ ನೇರ ಮಾಡುತ್ತಾರೆ. ಇದು ತಲೆಕೆಳಗು. ಫೋನಿನ ಲೆನ್ಸ್, ಅದರಲ್ಲೂ 0.5x ಅಗಲದ ಲೆನ್ಸ್, ಚಿತ್ರದ ಅಂಚಿನ ಹತ್ತಿರ ಇರುವ ನೇರ ಗೆರೆಯನ್ನು ಬಿಲ್ಲಿನ ಹಾಗೆ ಸ್ವಲ್ಪ ಬಾಗಿಸುತ್ತದೆ. ಕ್ಯಾಮೆರಾ ಮೇಲಕ್ಕೆ ಎತ್ತಿ ಹಿಡಿದಿದ್ದರೆ ಕಟ್ಟಡದ ಎರಡು ಬದಿಯ ಗೆರೆಗಳೂ ಮೇಲೆ ಹೋಗ್ತಾ ಹತ್ತಿರ ಬರುತ್ತವೆ. ಬಾಗಿದ ಅಂಚಿನ ಒಂದು ತುಂಡನ್ನು ತೆಗೆದು ಅದೇ ಅಂಚಿನ ಇನ್ನೊಂದು ಕಡೆ ಇಟ್ಟರೆ ಕೂಡುವುದಿಲ್ಲ, ಯಾಕೆಂದರೆ ಎರಡು ಕಡೆಯ ಓರೆ ಬೇರೆ. ನೇರವಾದ ಅಂಚಿನಲ್ಲಿ ಆ ತೊಂದರೆ ಇಲ್ಲ. ಎಲ್ಲಿಂದ ತೆಗೆದರೂ ಕೂಡುತ್ತದೆ.

ಅದಕ್ಕೆ ಕ್ರಮ ಹೀಗಿರಲಿ: ಮೊದಲು ಲೆನ್ಸಿನ ಬಾಗು ತೆಗೆಯುವುದು, ಆಮೇಲೆ ನಿಂತ ಗೆರೆಗಳನ್ನು ನೆಟ್ಟಗೆ ಮಾಡುವುದು, ಆಮೇಲೆ ಅಳಿಸುವುದು. ಲೈಟ್‌ರೂಮ್‌ನಲ್ಲಿ ಇದು ಲೆನ್ಸ್ ಪ್ರೊಫೈಲ್ ಮತ್ತು Transform ಭಾಗದಲ್ಲಿದೆ. ಗಿಂಪ್‌ನಲ್ಲಿ ಲೆನ್ಸ್ ಡಿಸ್ಟಾರ್ಷನ್ ಫಿಲ್ಟರ್, ಪರ್ಸ್ಪೆಕ್ಟಿವ್ ಟೂಲ್. ಸ್ನ್ಯಾಪ್‌ಸೀಡ್‌ನಲ್ಲಿ ಪರ್ಸ್ಪೆಕ್ಟಿವ್ ಒಂದೇ ಇದೆ, ಬಾಗು ತೆಗೆಯಲು ಅದು ಸಾಲದು. ಮಂಡಿಪೇಟೆ ಫೋಟೋದಲ್ಲಿ ನಿಂತ ಗೆರೆಗಳನ್ನು ನೆಟ್ಟಗೆ ಮಾಡಿದ ಮೇಲೂ ಕಾರ್ನಿಸ್, ಪ್ಯಾರಾಪೆಟ್ ಗೆರೆಗಳು ಬಲಕ್ಕೆ ಇಳಿಜಾರಾಗಿಯೇ ಇರುತ್ತವೆ. ಓರೆಯಾಗಿ ನಿಂತು ತೆಗೆದ ಫೋಟೋ ಅಲ್ವಾ, ಅದು ಸಹಜ. ಆ ಇಳಿಜಾರನ್ನೂ ಮಟ್ಟ ಮಾಡಲು ಹೋಗಬೇಡಿ, ಕಟ್ಟಡ ಎಳೆದಂತಾಗುತ್ತದೆ.

ಇನ್ನೊಂದು ಮಾತು. ಅಳಿಸುವ ಕೆಲಸ ಎಲ್ಲವೂ ಮೂಲ ಫೋಟೋದ ಮೇಲೆ ಇಟ್ಟ ಖಾಲಿ ಲೇಯರಿನಲ್ಲಿ ನಡೆಯಲಿ. ಟೂಲಿನ ಆಯ್ಕೆಯಲ್ಲಿ ಫೋಟೋಶಾಪ್ ಆದರೆ Sample All Layers ಅಥವಾ Current & Below, ಗಿಂಪ್ ಆದರೆ Sample merged ಒತ್ತಿಕೊಳ್ಳಿ. ಒಂದು ಅಂಚು ಕೆಟ್ಟರೆ ಆ ತುಂಡನ್ನಷ್ಟೇ ಒರೆಸಿ ಮತ್ತೆ ಮಾಡಬಹುದು.

ಆಕಾಶದ ತಂತಿ: ಸುಲಭದ ಟೂಲೇ ಸಾಕು

ಇಲ್ಲಿ ಪೈಪೋಟಿ ಮೂರರ ನಡುವೆ. ಫೋಟೋಶಾಪ್‌ನ ರಿಮೂವ್ ಟೂಲ್‌ನಲ್ಲಿ Find distractions ಅಂತ ಇದೆ, ಅದರೊಳಗೆ Wires and cables. ಒಂದು ಕ್ಲಿಕ್ಕಿಗೆ ತಂತಿಗಳನ್ನೆಲ್ಲ ತಾನೇ ಹುಡುಕಿ ತೆಗೆಯುತ್ತದೆ. ಎರಡನೆಯದು ಸ್ಪಾಟ್ ಹೀಲಿಂಗ್ ಬ್ರಷ್. ಮೂರನೆಯದು ಫೋನಿನಲ್ಲಿ ಸ್ನ್ಯಾಪ್‌ಸೀಡ್‌ನ ಹೀಲಿಂಗ್ ಅಥವಾ ಗೂಗಲ್ ಫೋಟೋಸ್‌ನ ಮ್ಯಾಜಿಕ್ ಇರೇಸರ್. ಬರೀ ಆಕಾಶ ಆದರೆ ಮೂರೂ ಸರಿಯೇ, ಕೈಗೆ ಸಿಕ್ಕಿದ್ದು ಬಳಸಿ.

ಆದರೆ ತಾನೇ ಹುಡುಕುವ ಟೂಲ್ ಅಂಚು ಎಲ್ಲಿದೆ ಅಂತ ನೋಡಿ ನಿಲ್ಲುವುದಿಲ್ಲ. ತಂತಿ ಪ್ಯಾರಾಪೆಟ್ ದಾಟಿದರೆ ಅದೂ ದಾಟಿ ಅಳಿಸುತ್ತದೆ, ಅಲ್ಲಿ ಗೋಡೆ ಹೇಗಿರಬೇಕು ಅಂತ ಊಹೆ ಮಾಡಿ ತುಂಬುತ್ತದೆ. ಕೆಲವು ಸಲ ಊಹೆ ಚೆನ್ನಾಗಿ ಕೂಡುತ್ತದೆ. ಕೆಲವು ಸಲ ಕಾರ್ನಿಸಿನ ಒಂದು ಪಟ್ಟಿ ಮಾಯವಾಗುತ್ತದೆ, ಬಾಲ್ಕನಿ ಕಂಬಿಯನ್ನೇ ತಂತಿ ಅಂದುಕೊಂಡು ತೆಗೆದುಬಿಡುವುದೂ ಉಂಟು. ಹಾಗಾಗಿ ಅದನ್ನು ಬಳಸಿದರೆ ಫಲಿತಾಂಶದ ಲೇಯರಿಗೆ ಮಾಸ್ಕ್ ಹಾಕಿ, ಆಕಾಶದ ಭಾಗವನ್ನು ಮಾತ್ರ ಉಳಿಸಿಕೊಳ್ಳಿ, ಕಟ್ಟಡದ ಮೇಲಿನದನ್ನು ಮುಚ್ಚಿಡಿ.

ನನ್ನ ಆಯ್ಕೆ ಸ್ಪಾಟ್ ಹೀಲಿಂಗ್ ಬ್ರಷ್, ಅದೂ ಪೆನ್ ಟೂಲಿನ ಗೆರೆಯ ಜೊತೆ. ತಂತಿ ಎರಡು ಕಂಬದ ನಡುವೆ ಜೋತು ಬಿದ್ದಿರುತ್ತದೆ, ನೆಟ್ಟಗೆ ಇರುವುದಿಲ್ಲ. ಪೆನ್ ಟೂಲಿನಲ್ಲಿ ಎರಡು ತುದಿ ಒತ್ತಿ ನಡುವೆ ಎಳೆದರೆ ಆ ಬಾಗು ಸರಿಯಾಗಿ ಕೂಡುತ್ತದೆ. ನಂತರ Paths ಪ್ಯಾನಲ್ಲಿನಲ್ಲಿ ಬಲ ಕ್ಲಿಕ್ ಮಾಡಿ Stroke Path ಕೊಟ್ಟು, ಟೂಲ್ ಅಂತ ಇರುವಲ್ಲಿ Spot Healing Brush ಆರಿಸಿ. Simulate Pressure ತೆಗೆದುಹಾಕಿ, ಇಲ್ಲದಿದ್ದರೆ ತುದಿಯಲ್ಲಿ ಬ್ರಷ್ ಸಣ್ಣ ಆಗಿ ತಂತಿಯ ಚೂರು ಉಳಿಯುತ್ತದೆ. ತಂತಿ 4 ಪಿಕ್ಸೆಲ್ ದಪ್ಪ ಇದ್ದರೆ ಬ್ರಷ್ 8 ರಿಂದ 10 ಸಾಕು. ದೊಡ್ಡ ಬ್ರಷ್ ಹಿಡಿದರೆ ಕೆಲಸ ಬೇಗ ಆಗಲ್ಲ, ಆಕಾಶದ ಬಣ್ಣ ಜಾಸ್ತಿ ಕದಡುತ್ತದೆ ಅಷ್ಟೇ. ಗಿಂಪ್‌ನವರು ಹೀಲ್ ಟೂಲ್ ಹಿಡಿದು, ಪಕ್ಕದ ಆಕಾಶದ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ಮೂಲ ಕೊಟ್ಟು, ತಂತಿಯ ಮೇಲೆ ಒಂದು ಕ್ಲಿಕ್, ಸ್ವಲ್ಪ ಮುಂದೆ ಶಿಫ್ಟ್ ಹಿಡಿದು ಇನ್ನೊಂದು ಕ್ಲಿಕ್, ಹೀಗೆ ಚಿಕ್ಕ ಚಿಕ್ಕ ನೇರ ತುಂಡುಗಳಲ್ಲಿ ಹೋಗಬಹುದು. ಶಿಫ್ಟ್ ಹಿಡಿದರೆ ಎರಡು ಕ್ಲಿಕ್ ನಡುವೆ ನೇರ ಗೆರೆ ಬೀಳುತ್ತದೆ. ಫೋಟೋಶಾಪ್‌ನಲ್ಲೂ ಇದೇ.

ಒಂದೇ ಷರತ್ತು: ಪ್ಯಾರಾಪೆಟ್ ಇನ್ನೂ 15–20 ಪಿಕ್ಸೆಲ್ ದೂರ ಇರುವಾಗಲೇ ನಿಲ್ಲಿಸಿ. ಅಲ್ಲಿಂದ ಮುಂದೆ ಹೀಲಿಂಗ್ ಬೇಡ.

ಕಲ್ಲು, ಬಂಡೆ, ಮರದ ಎಲೆ ಹಿಂದೆ ಇದ್ದರೂ ಆಕಾಶದಷ್ಟೇ ಸುಲಭ. ಚಿತ್ರದುರ್ಗದಲ್ಲಿ ಕೋಟೆಯ ಕೆಳಗಿನ ಬೀದಿಗಳಿಂದ ಫೋಟೋ ತೆಗೆದರೆ ತಂತಿ ಹೆಚ್ಚಾಗಿ ಬಂಡೆಗಳ ಮುಂದೆ ಬರುತ್ತದೆ. ಬಂಡೆಯ ಮೈಗೆ ಕ್ರಮ ಇಲ್ಲ, ಹಾಗಾಗಿ ಹೀಲಿಂಗ್ ತುಂಬಿದ್ದು ಗೊತ್ತೇ ಆಗುವುದಿಲ್ಲ. ಅದೇ ತಂತಿ ಕೆತ್ತಿ ಜೋಡಿಸಿದ ಕೋಟೆ ಗೋಡೆಯ ಮುಂದೆ ಬಂದರೆ ಮಾತು ಬೇರೆ. ಅಲ್ಲಿ ಕಲ್ಲಿನ ಸಂದುಗಳು ಗೆರೆಯಾಗಿ ಓಡುತ್ತವೆ, ಅವನ್ನು ಕಟ್ಟಡದ ಅಂಚಿನ ಹಾಗೆಯೇ ನೋಡಿಕೊಳ್ಳಬೇಕು.

ಅಂಚು ದಾಟುವ ಜಾಗ: ಇಲ್ಲಿಯೇ ಎಲ್ಲ ತೀರ್ಮಾನ

ಹೀಲಿಂಗ್ ಇಲ್ಲಿ ಯಾಕೆ ಕೆಡಿಸುತ್ತದೆ ಅಂತ ತಿಳಿದರೆ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಹೀಲಿಂಗ್ ಟೂಲ್ ಒಂದು ಕಡೆಯಿಂದ ಮೈಯ ಒರಟು-ನಯ ತೆಗೆದುಕೊಂಡು, ಬಣ್ಣ ಮತ್ತು ಬೆಳಕನ್ನು ಮಾತ್ರ ನೀವು ಬಳಿದ ಜಾಗದ ಸುತ್ತಲಿನ ಅಂಚಿನಿಂದ ತೆಗೆದುಕೊಂಡು ಬೆರೆಸುತ್ತದೆ. ಸುತ್ತಲೂ ಒಂದೇ ಆಕಾಶ ಇದ್ದರೆ ಬೆರೆತದ್ದೂ ಆಕಾಶವೇ. ಆದರೆ ಮೇಲೆ ಬಿಳಿ ಆಕಾಶ, ಕೆಳಗೆ ಕಪ್ಪಾದ ಗಾರೆ ಗೋಡೆ ಇದ್ದರೆ? ಎರಡೂ ಬಣ್ಣ ಒಳಗೆ ಹರಿದು ಬೂದು ಬಣ್ಣದ ಮಸಿ ಆಗುತ್ತದೆ. ಅಂಚು ಹರಿದಂತೆ ಕಾಣುವುದು ಇದೇ ಕಾರಣಕ್ಕೆ. ಬ್ರಷ್ ಚಿಕ್ಕದು ಮಾಡಿದರೂ ಪೂರ್ತಿ ಹೋಗುವುದಿಲ್ಲ.

ಇದಕ್ಕೆ ಮೂರು ದಾರಿ ಇದೆ.

ಮೊದಲನೆಯದು ಬೇಲಿ ಹಾಕಿ ಹೀಲಿಂಗ್ ಮಾಡುವುದು. ಪಾಲಿಗನಲ್ ಲಾಸೋದಿಂದ ಪ್ಯಾರಾಪೆಟ್ ಅಂಚಿನ ಗುಂಟ ಗೆರೆ ಎಳೆದು ಆಕಾಶದ ಕಡೆಯನ್ನು ಮಾತ್ರ ಸೆಲೆಕ್ಟ್ ಮಾಡಿ, ಅದರೊಳಗೆ ಹೀಲಿಂಗ್ ಬ್ರಷ್ ಆಡಿಸುವುದು. ಸೆಲೆಕ್ಷನ್ ಇದ್ದರೆ ಹೊರಗಿನ ಬಣ್ಣ ಒಳಗೆ ಸೋರುವುದಿಲ್ಲ. ಆಮೇಲೆ ಸೆಲೆಕ್ಷನ್ ತಿರುಗಿಸಿ ಗೋಡೆಯ ಕಡೆ ಮಾಡುವುದು. ಗೋಡೆಯ ಮೇಲೆ ಬೆಳಕು ನಿಧಾನಕ್ಕೆ ಬದಲಾಗುತ್ತಿದ್ದರೆ ಈ ದಾರಿ ಒಳ್ಳೆಯದು. ಒಂದು ಕೊರತೆ ಇದೆ. ಫೋಟೋದಲ್ಲಿ ಅಂಚು ಅನ್ನುವುದು ಕತ್ತರಿಸಿದ ಹಾಗೆ ಇರುವುದಿಲ್ಲ, ಎರಡು ಮೂರು ಪಿಕ್ಸೆಲ್ ಅಗಲದಲ್ಲಿ ಮೆಲ್ಲಗೆ ಬಣ್ಣ ಬದಲಾಗುತ್ತದೆ. ಬೇಲಿಯ ಎರಡೂ ಬದಿ ತುಂಬಿದ ಮೇಲೆ ಆ ಎರಡು ಮೂರು ಪಿಕ್ಸೆಲ್ ಮೆಟ್ಟಿಲು ಮೆಟ್ಟಿಲಾಗಿ, ಕತ್ತರಿ ಹಾಕಿದಂತೆ ಉಳಿಯುತ್ತದೆ. ಅದನ್ನು ಮತ್ತೆ ಕ್ಲೋನ್ ಮಾಡಿಯೇ ಸರಿಪಡಿಸಬೇಕು.

ಎರಡನೆಯದು ಕ್ಲೋನ್ ಸ್ಟ್ಯಾಂಪ್. ಇದು ಏನನ್ನೂ ಬೆರೆಸುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುತ್ತದೆ. ಅಂಚು ದಾಟುವ ತೆಳ್ಳನೆ ತಂತಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಮಂಡಿಪೇಟೆ ಫೋಟೋದ ಪ್ಯಾರಾಪೆಟ್ ದಾಟುವ ತಂತಿಗೆ ಮಾಡುವುದು ಹೀಗೆ. 200% ಝೂಮ್ ಮಾಡಿ. ಬ್ರಷ್ 14 ಪಿಕ್ಸೆಲ್, ಹಾರ್ಡ್‌ನೆಸ್ 75–80%. ತಂತಿಯಿಂದ 40 ಪಿಕ್ಸೆಲ್ ಎಡಕ್ಕೆ, ಅದೇ ಪ್ಯಾರಾಪೆಟ್ ಗೆರೆಯ ಮೇಲೆಯೇ, ಆಲ್ಟ್ ಒತ್ತಿ ಮೂಲ ಕೊಡಿ. ಈಗ ಬ್ರಷ್ಷನ್ನು ತಂತಿಯ ಹತ್ತಿರ ತಂದರೆ ಬ್ರಷ್ಷಿನ ವೃತ್ತದೊಳಗೆ ಮೂಲದ ಚಿತ್ರ ಕಾಣುತ್ತದೆ. ಆ ಚಿತ್ರದೊಳಗಿನ ಅಂಚು ಹೊರಗಿನ ಅಂಚಿನ ಜೊತೆ ಒಂದೇ ಗೆರೆಯಾಗಿ ಕೂಡುವವರೆಗೆ ಮೌಸ್ ಸರಿಸಿ, ಕೂಡಿದ ಮೇಲೆ ಒಂದೇ ಒಂದು ಕ್ಲಿಕ್. ಎಳೆಯಬೇಡಿ. Aligned ಒತ್ತಿದ್ದರೆ ಮುಂದಿನ ಕ್ಲಿಕ್ಕುಗಳೂ ಅದೇ ಅಂತರದಲ್ಲಿ ಬರುತ್ತವೆ, ಹಾಗಾಗಿ ಮೊದಲ ಕ್ಲಿಕ್ ಕೂಡಿದರೆ ಉಳಿದದ್ದೂ ಕೂಡುತ್ತದೆ.

ಬ್ರಷ್ ಮೆತ್ತಗೆ, ಹಾರ್ಡ್‌ನೆಸ್ ಸೊನ್ನೆ ಇಟ್ಟರೆ ಅಂಚು ಮಂಜಾಗುತ್ತದೆ. ಪೂರ್ತಿ 100% ಇಟ್ಟರೆ ವೃತ್ತದ ಗುರುತು ಉಳಿಯುತ್ತದೆ. ಅದಕ್ಕೇ ನಡುವಿನ ಅಳತೆ.

ನಿಂತ ಅಂಚಿಗೆ, ಉದಾಹರಣೆಗೆ ಕಟ್ಟಡದ ಮೂಲೆಗೆ, ಇನ್ನೂ ಗಟ್ಟಿ ಉಪಾಯ ಇದೆ. Window > Clone Source ತೆರೆದರೆ ಮೂಲ ಎಷ್ಟು ದೂರದಲ್ಲಿ ಇರಬೇಕು ಅನ್ನುವುದನ್ನು X, Y ಅಂತ ಅಂಕಿಯಲ್ಲೇ ಕೊಡಬಹುದು. ಮೊದಲೇ ಆ ಮೂಲೆಯನ್ನು ನೆಟ್ಟಗೆ ಮಾಡಿದ್ದೀರಿ ತಾನೆ? X ಸೊನ್ನೆ ಕೊಡಿ, Y ಮಾತ್ರ 50 ಅಂತ ಕೊಡಿ. ಆಮೇಲೆ ಕೈ ಎಷ್ಟು ನಡುಗಿದರೂ ನಕಲು ಪಕ್ಕಕ್ಕೆ ಒಂದು ಪಿಕ್ಸೆಲ್ ಸಹ ಸರಿಯುವುದಿಲ್ಲ. ಮೊದಲು ನೇರ ಮಾಡಿ ಅಂತ ಒತ್ತಿ ಹೇಳಿದ್ದು ಇದಕ್ಕೇ.

ಮೂರನೆಯದು ತೇಪೆ ಹಾಕುವುದು. ತಂತಿ ಅಂಚನ್ನು ಅಡ್ಡಡ್ಡ ದಾಟದೆ ಅದರ ಗುಂಟವೇ ಬಹಳ ದೂರ ಓಡಿದರೆ, ಅಥವಾ ನಾಲ್ಕೈದು ತಂತಿ ಒಂದೇ ಜಾಗದಲ್ಲಿ ಗುಂಪಾಗಿ ದಾಟಿದರೆ, ಕ್ಲೋನ್ ಮಾಡ್ತಾ ಕೂರಬೇಡಿ. ಮೂಲ ಫೋಟೋದ ಲೇಯರ್ ಆರಿಸಿಕೊಂಡು, ಅದೇ ಕಾರ್ನಿಸಿನ ಸ್ವಚ್ಛ ತುಂಡೊಂದನ್ನು ಲಾಸೋದಿಂದ ಸುತ್ತಿ Ctrl+J ಒತ್ತಿದರೆ ಅದು ಹೊಸ ಲೇಯರಾಗುತ್ತದೆ. ಅದನ್ನು ಗೆರೆಯ ಗುಂಟ ಸರಿಸಿ ಹಾಳಾದ ಜಾಗದ ಮೇಲೆ ಕೂರಿಸಿ, Ctrl+T ಒತ್ತಿ ಓರೆ ಸರಿಮಾಡಿ, ಲೇಯರ್ ಮಾಸ್ಕಿನಿಂದ ಎರಡು ತುದಿ ಮಾತ್ರ ಮೆತ್ತಗೆ ಬೆರೆಸಿ. ಅಂಚಿನ ಗುಂಟ ಮೆತ್ತಗೆ ಮಾಡಬೇಡಿ, ತುದಿಯಲ್ಲಿ ಮಾತ್ರ. ಎಲ್ಲ ಓರೆ, ಅಳತೆ ಒಂದೇ ಸಲಕ್ಕೆ ಮುಗಿಸಿ. ಪ್ರತಿ ಸಲ ತಿರುಗಿಸಿದಾಗಲೂ ತೇಪೆ ಸ್ವಲ್ಪ ಮಂಜಾಗುತ್ತದೆ, ಸುತ್ತಲಿನ ಗೋಡೆ ಚೂಪಾಗಿದ್ದು ಇದೊಂದೇ ಮಂಕಾಗಿದ್ದರೆ ತೇಪೆ ಎದ್ದು ಕಾಣುತ್ತದೆ.

ಹಾಗಾದರೆ ಯಾವುದು? ಒಂದೆರಡು ತೆಳ್ಳನೆ ತಂತಿ ಅಡ್ಡ ದಾಟಿದರೆ ಕ್ಲೋನ್. ಗುಂಪಾಗಿ ದಾಟಿದರೆ, ಇಲ್ಲವೇ ಗುಂಟ ಓಡಿದರೆ ತೇಪೆ. ಗೋಡೆಯ ಮೇಲೆ ನೆರಳು ಬೆಳಕು ಆಡುತ್ತಿದ್ದು ನಕಲು ಮಾಡಿದ ಬಣ್ಣ ಹೊಂದದೆ ಹೋದರೆ ಬೇಲಿ ಹಾಕಿ ಹೀಲಿಂಗ್.

ಓರೆ ಗೋಡೆಯ ಮೇಲೆ ಕಿಟಕಿ ಸಾಲು ಇದ್ದರೆ

ಮಂಡಿಪೇಟೆ ಕಟ್ಟಡದ ಎಡಗಡೆ ಕಿಟಕಿ ದೊಡ್ಡದು ಕಾಣುತ್ತದೆ, ಬಲಕ್ಕೆ ಹೋಗ್ತಾ ಚಿಕ್ಕದಾಗುತ್ತದೆ. ಎಡಗಡೆಯಿಂದ ಚೌಕಟ್ಟಿನ ತುಂಡು ತೆಗೆದು ಬಲಗಡೆ ಇಟ್ಟರೆ ಅಳತೆ ಹೊಂದುವುದಿಲ್ಲ. ಇಲ್ಲಿ ಸಾದಾ ಕ್ಲೋನ್ ಸೋಲುತ್ತದೆ. ಫೋಟೋಶಾಪ್‌ನ Filter > Vanishing Point ಇದಕ್ಕಾಗಿಯೇ ಇರುವುದು. ಮೊದಲು ಖಾಲಿ ಲೇಯರ್ ಮಾಡಿಕೊಂಡು ಅದನ್ನು ತೆರೆಯಿರಿ. ಗೋಡೆಯ ಮೇಲೆ ನಿಜವಾಗಿ ಆಯತವಾಗಿರುವ ಒಂದು ಆಕಾರದ ನಾಲ್ಕು ಮೂಲೆ ಒತ್ತಿ. ಒಂದು ಕಿಟಕಿಗಿಂತ, ಮೊದಲ ಕಿಟಕಿಯ ಎಡ ಅಂಚಿನಿಂದ ಕೊನೆಯ ಕಿಟಕಿಯ ಬಲ ಅಂಚಿನವರೆಗೆ ದೊಡ್ಡದಾಗಿ ಒತ್ತಿದರೆ ಲೆಕ್ಕ ನಿಖರ ಬರುತ್ತದೆ. ಜಾಲರಿ ನೀಲಿಯಾದರೆ ಸರಿ. ಹಳದಿ, ಕೆಂಪು ಬಂದರೆ ಮೂಲೆಗಳು ಹೊಂದಿಲ್ಲ ಅಂತ ಅರ್ಥ, ಸ್ವಲ್ಪ ಸರಿಸಿ ನೋಡಿ. ನೀಲಿ ಬಂದ ಮಾತ್ರಕ್ಕೆ ನಂಬಬೇಡಿ, ಜಾಲರಿಯ ಗೆರೆಗಳು ಬೇರೆ ಕಿಟಕಿಗಳ ಸಜ್ಜಾಗಳ ಜೊತೆಗೂ ಸಮವಾಗಿ ಓಡುತ್ತಿವೆಯಾ ನೋಡಿ. ಆಮೇಲೆ ಅದರೊಳಗಿನ ಸ್ಟ್ಯಾಂಪ್ ಟೂಲಿನಲ್ಲಿ ಒಂದು ಕಿಟಕಿಯ ಮೂಲೆಯಿಂದ ಮೂಲ ಕೊಟ್ಟು ಇನ್ನೊಂದರ ಅದೇ ಮೂಲೆಯಲ್ಲಿ ಬಳಿದರೆ, ದೂರ ಹೋದಂತೆ ನಕಲೂ ತಾನೇ ಚಿಕ್ಕದಾಗುತ್ತದೆ. Heal ಅನ್ನುವುದನ್ನು ಅಂಚಿನ ಹತ್ತಿರ Off ಇಡಿ, ಬರೀ ಗೋಡೆ ಮೇಲೆ Luminance ಇಡಬಹುದು.

ಗಿಂಪ್‌ನಲ್ಲಿ ಪರ್ಸ್ಪೆಕ್ಟಿವ್ ಕ್ಲೋನ್ ಇದೇ ಕೆಲಸ ಮಾಡುತ್ತದೆ. ಮೊದಲು Modify Perspective ಆರಿಸಿ ಓರೆಯನ್ನು ಗೋಡೆಗೆ ಹೊಂದಿಸಬೇಕು, ನಂತರ Perspective Clone ಗೆ ಬದಲಿಸಿ ಬಳಿಯಬೇಕು. ಹೊಂದಿಸುವುದು ಸ್ವಲ್ಪ ಒದ್ದಾಟ, ಆದರೆ ದುಡ್ಡು ಕೊಡದೆ ಸಿಗುವುದರಲ್ಲಿ ಇದಕ್ಕಿಂತ ಒಳ್ಳೆಯದು ಬೇರೆ ನನಗೆ ಕಾಣುವುದಿಲ್ಲ.

ಎರಡಕ್ಕೂ ಒಂದು ಮಿತಿ. ಗೋಡೆ ಸಪಾಟಾಗಿರಬೇಕು. ಮುಂದೆ ಚಾಚಿದ ಬಾಲ್ಕನಿ, ಒಳಗೆ ಸರಿದ ಬಾಗಿಲು ಬೇರೆ ಬೇರೆ ಆಳದಲ್ಲಿವೆ, ಅವಕ್ಕೆ ಒಂದೇ ಜಾಲರಿ ನಡೆಯುವುದಿಲ್ಲ.

ಕಂಬ: ಅಳಿಸುವುದಕ್ಕಿಂತ ಇನ್ನೊಂದು ಫೋಟೋ ತೆಗೆಯುವುದು ಮೇಲು

ತಂತಿ ಮುಚ್ಚುವುದು ನಾಲ್ಕೈದು ಪಿಕ್ಸೆಲ್. ಕಂಬ ನೂರಾರು ಪಿಕ್ಸೆಲ್ ಮುಚ್ಚುತ್ತದೆ. ಅದರ ಹಿಂದೆ ಅರ್ಧ ಕಿಟಕಿ, ಷಟರಿನ ಅಂಚು, ಬೋರ್ಡಿನ ಅಕ್ಷರ ಏನು ಬೇಕಾದರೂ ಇರಬಹುದು. ಯಾವ ಟೂಲ್ ತುಂಬಿದರೂ ಅದು ಊಹೆಯೇ. ಬೋರ್ಡಿನ ಮೇಲಿನ ಕನ್ನಡ ಅಕ್ಷರವನ್ನಂತೂ ಅದು ಅರ್ಥವಿಲ್ಲದ ಗೀಚು ಮಾಡಿಬಿಡುತ್ತದೆ.

ಅದಕ್ಕೆ ನಾನು ಬಲವಾಗಿ ಹೇಳುವುದು ಎರಡು ಫೋಟೋ ತೆಗೆಯುವ ದಾರಿ. ಒಂದು ಫೋಟೋ ತೆಗೆದು, ಪಕ್ಕಕ್ಕೆ ಸರಿದು ಇನ್ನೊಂದು ತೆಗೆಯಿರಿ. ಕಂಬ ಹತ್ತಿರ ಇದೆ, ಗೋಡೆ ದೂರ ಇದೆ. ನೀವು ಬಲಕ್ಕೆ ಸರಿದರೆ ಗೋಡೆಯ ಮೇಲೆ ಕಂಬ ಎಡಕ್ಕೆ ಸರಿದಂತೆ ಕಾಣುತ್ತದೆ, ಮೊದಲು ಮುಚ್ಚಿದ್ದ ಜಾಗ ಬಯಲಾಗುತ್ತದೆ. ಅಲ್ಲಿ ಇರುವ ನಿಜವಾದ ಕಿಟಕಿಯೇ ಸಿಗುತ್ತದೆ, ಊಹೆ ಇಲ್ಲ.

ಎಷ್ಟು ಸರಿಯಬೇಕು? ಲೆಕ್ಕ ಸುಲಭ. ಗೋಡೆ ನಿಮ್ಮಿಂದ 40 ಅಡಿ, ಕಂಬ ಗೋಡೆಗಿಂತ 10 ಅಡಿ ಮುಂದೆ, ಅಂದರೆ ನಿಮ್ಮಿಂದ 30 ಅಡಿ ಅಂತಿಟ್ಟುಕೊಳ್ಳಿ. ನೀವು ಸರಿದ ದೂರವನ್ನು 10 ರಿಂದ ಗುಣಿಸಿ 30 ರಿಂದ ಭಾಗಿಸಿದರೆ ಗೋಡೆಯ ಮೇಲೆ ಕಂಬ ಎಷ್ಟು ಸರಿಯುತ್ತದೆ ಅಂತ ಸಿಗುತ್ತದೆ. ಅಂದರೆ ಮೂರು ಅಡಿ ಸರಿದರೆ ಕಂಬ ಒಂದು ಅಡಿ ಸರಿಯುತ್ತದೆ. ಕಂಬದ ಅಗಲ ಒಂದು ಅಡಿ ಇದ್ದರೆ ಅದು ಗೋಡೆಯ ಮೇಲೆ ಒಂದು ಅಡಿಗಿಂತ ಸ್ವಲ್ಪ ಹೆಚ್ಚೇ ಮುಚ್ಚುತ್ತದೆ, ಹಾಗಾಗಿ ಐದು ಅಡಿ ಸರಿಯಿರಿ, ಬೆರೆಸಲು ಸ್ವಲ್ಪ ಜಾಗ ಉಳಿಯುತ್ತದೆ. ಆದರೆ ಕಂಬ ಗೋಡೆಗೆ ಅಂಟಿಕೊಂಡಂತೆ ಎರಡೇ ಅಡಿ ಮುಂದೆ ಇದ್ದರೆ? ಆಗ ಒಂದು ಅಡಿ ಬಯಲಾಗಲು ನೀವು 19 ಅಡಿ ಸರಿಯಬೇಕು. ಅಷ್ಟು ಸರಿದರೆ ನೋಟವೇ ಬದಲಾಗುತ್ತದೆ, ಈ ದಾರಿ ಅಲ್ಲಿ ಕೆಲಸಕ್ಕೆ ಬರಲ್ಲ.

ತೆಗೆಯುವಾಗ ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು, ಫೋಕಸ್ ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಎರಡು ಫೋಟೋದ ಬಣ್ಣ ಬೇರೆಯಾಗುತ್ತದೆ. ಝೂಮ್ ಮುಟ್ಟಬೇಡಿ. ಮಂಡಿಪೇಟೆಯಂಥ ಕಡೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ. ಷಟರ್ ಒಂದು ಫೋಟೋದಲ್ಲಿ ಮುಚ್ಚಿ ಇನ್ನೊಂದರಲ್ಲಿ ತೆರೆದಿದ್ದರೆ ಕೂಡಿಸಲು ಬರುವುದಿಲ್ಲ.

ಕೂಡಿಸುವುದು ಹೀಗೆ. ಎರಡೂ ಫೋಟೋ ಒಂದೇ ಫೈಲಿನಲ್ಲಿ ಎರಡು ಲೇಯರ್ ಮಾಡಿ, ಎರಡನ್ನೂ ಆರಿಸಿ Edit > Auto-Align Layers, ಅದರಲ್ಲಿ Perspective. ಸಪಾಟು ಗೋಡೆಯಾದರೆ ಎರಡು ಫೋಟೋಗಳ ಗೋಡೆ ಅಚ್ಚುಕಟ್ಟಾಗಿ ಒಂದರ ಮೇಲೊಂದು ಕೂರುತ್ತದೆ, ಯಾಕೆಂದರೆ ಸಪಾಟು ಮೈಯನ್ನು ಎಲ್ಲಿಂದ ನೋಡಿದರೂ ಒಂದು ನೋಟವನ್ನು ಇನ್ನೊಂದಕ್ಕೆ ಓರೆ ಬದಲಿಸಿಯೇ ತರಬಹುದು. ಈ ಕೆಲಸದಲ್ಲಿ ಮಾತ್ರ ಕಟ್ಟಡ ನೇರ ಮಾಡುವುದನ್ನು ಆಮೇಲೆ ಇಟ್ಟುಕೊಳ್ಳಿ: ಲೆನ್ಸಿನ ಬಾಗು ಎರಡರಲ್ಲೂ ಮೊದಲೇ ತೆಗೆದು, ಕೂಡಿಸಿ, ಕಂಬ ಹೋದ ಮೇಲೆ ನಿಂತ ಗೆರೆ ಸರಿಮಾಡಿ, ಆಮೇಲೆ ತಂತಿಗೆ ಹೋಗಿ. ಮೇಲಿನ ಲೇಯರಿಗೆ ಮಾಸ್ಕ್ ಹಾಕಿ ಕಂಬ ಇರುವ ಪಟ್ಟಿಯನ್ನು ಮಾತ್ರ ಮುಚ್ಚಿದರೆ ಕೆಳಗಿನ ಫೋಟೋದ ಕಿಟಕಿ ಕಾಣುತ್ತದೆ.

ಮುಂದೆ ಚಾಚಿದ ಸಜ್ಜಾ, ಬಾಲ್ಕನಿ ಮಾತ್ರ ಸ್ವಲ್ಪ ಪಕ್ಕಕ್ಕೆ ಹೋಗಿರುತ್ತದೆ. ಅಲ್ಲಿ ಮಾಸ್ಕಿನ ಗೆರೆಯನ್ನು ಸಜ್ಜಾದ ನಡುವೆ ತರಬೇಡಿ, ಪೂರ್ತಿ ಸಜ್ಜಾ ಒಂದೇ ಫೋಟೋದಿಂದ ಬರಲಿ. ರಸ್ತೆ, ಫುಟ್‌ಪಾತ್ ಗೋಡೆಯ ಮಟ್ಟದಲ್ಲಿ ಇಲ್ಲ, ಹಾಗಾಗಿ ಕಂಬದ ಬುಡವನ್ನು ಎರಡನೇ ಫೋಟೋದಿಂದ ತರಲು ಆಗುವುದಿಲ್ಲ. ಅದು ಮಣ್ಣು, ಡಾಂಬರು, ಹೀಲಿಂಗಿಗೆ ಸುಲಭದ ಜಾಗವೇ.

ಒಂದೇ ಫೋಟೋ ಇದೆ, ಮತ್ತೆ ಹೋಗಿ ತೆಗೆಯಲು ಆಗಲ್ಲ ಅಂದರೆ ಆಗ ತೇಪೆ ಅಥವಾ ವ್ಯಾನಿಶಿಂಗ್ ಪಾಯಿಂಟ್: ಪಕ್ಕದ ಕಿಟಕಿಯ ಅರ್ಧವನ್ನೇ ತಂದು ಕೂರಿಸಬೇಕು. ಕಂಟೆಂಟ್ ಅವೇರ್ ಫಿಲ್ ಬಳಸುವುದಾದರೆ ಅದರ ಹಸಿರು ಜಾಗದಿಂದ ಆಕಾಶ, ರಸ್ತೆ, ಜನ ಎಲ್ಲ ಅಳಿಸಿ ಗೋಡೆಯನ್ನು ಮಾತ್ರ ಉಳಿಸಿ. ಇಲ್ಲದಿದ್ದರೆ ಗೋಡೆಯ ನಡುವೆ ಆಕಾಶದ ತುಂಡು ಬಂದು ಕೂರುತ್ತದೆ.

ಯಾವ ಸಾಫ್ಟ್‌ವೇರ್

ಫೋನಿನಲ್ಲಿ ಹಂಚಿಕೊಳ್ಳುವ ಫೋಟೋ, ತಂತಿ ಆಕಾಶದ ಮುಂದೆ ಮಾತ್ರ: ಸ್ನ್ಯಾಪ್‌ಸೀಡ್ ಸಾಕು. ಅದರಲ್ಲಿ ಮೂಲ ಎಲ್ಲಿಂದ ಅಂತ ನೀವು ಕೊಡಲು ಆಗುವುದಿಲ್ಲ, ಅದಕ್ಕೇ ಅಂಚಿನ ಕೆಲಸಕ್ಕೆ ಬೇಡ. ಅಂಚಿನ ಕೆಲಸ ಇದೆ, ದುಡ್ಡು ಕೊಡಲು ಇಷ್ಟ ಇಲ್ಲ: ಗಿಂಪ್. ಕ್ಲೋನ್, ಹೀಲ್, ಪರ್ಸ್ಪೆಕ್ಟಿವ್ ಕ್ಲೋನ್, ಮಾಸ್ಕ್ ಎಲ್ಲ ಇದೆ. ಎರಡು ಫೋಟೋ ತಾನೇ ಕೂಡಿಸುವುದು ಅದರಲ್ಲಿಲ್ಲ, ಕೈಯಲ್ಲೇ ನಾಲ್ಕು ಮೂಲೆ ಎಳೆದು ಹೊಂದಿಸಬೇಕು. ಹಳೇ ಪೇಟೆಗಳ ಫೋಟೋ ಸಾಲಾಗಿ ಮಾಡುವವರು, ಸ್ಟುಡಿಯೋ ಇಟ್ಟವರು ಫೋಟೋಶಾಪ್‌ಗೆ ಬಾಡಿಗೆ ಕಟ್ಟುವುದು ಲಾಭವೇ, ವ್ಯಾನಿಶಿಂಗ್ ಪಾಯಿಂಟ್ ಮತ್ತು ಆಟೋ ಅಲೈನ್ ಉಳಿಸುವ ಸಮಯ ಅಷ್ಟಿದೆ.

ಮುಗಿಯಿತು ಅನ್ನುವ ಮೊದಲು ನೋಡಬೇಕಾದದ್ದು

ತಂತಿ ಹೋಯಿತು, ಅದರ ಗುರುತು ಉಳಿದಿರುತ್ತದೆ. ಸರ್ವಿಸ್ ವೈರ್ ಅಳಿಸಿ ಗೋಡೆಯ ಕ್ಲಾಂಪ್, ಪಿಂಗಾಣಿ ಬಿಟ್ಟರೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಗೋಡೆ ಮೇಲೆ ಬಿದ್ದ ತಂತಿಯ ನೆರಳು, ರಸ್ತೆ ಮೇಲೆ ಮಲಗಿದ ಕಂಬದ ನೆರಳು, ಗಾಜಿನ ಕಿಟಕಿಯಲ್ಲಿ ಕಾಣುವ ಕಂಬ, ಬಾಲ್ಕನಿ ಕಂಬಿಗಳ ಸಂದಿಯಲ್ಲಿ ಉಳಿದ ತಂತಿಯ ಚೂರು, ಇವನ್ನೆಲ್ಲ ಹುಡುಕಿ.

ಅಂಚು ನೇರ ಇದೆಯಾ ಅಂತ ಕಣ್ಣಳತೆಯಲ್ಲಿ ಬಿಡಬೇಡಿ. ಹೊಸ ಲೇಯರಿನಲ್ಲಿ ಪ್ಯಾರಾಪೆಟ್ಟಿನ ಎರಡು ತುದಿಗೆ ಒಂದು ಪಿಕ್ಸೆಲ್‌ನ ಕೆಂಪು ಗೆರೆ ಎಳೆದು 200% ನಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ. ಗೆರೆ ಬಿಟ್ಟು ಅಂಚು ಎಲ್ಲಿ ಏರಿಳಿಯುತ್ತದೋ ಅಲ್ಲಿ ಕ್ಲೋನ್ ಕೂಡಿಲ್ಲ. ಆದರೆ ಮೂಲ ಫೋಟೋದ ಜೊತೆಗೂ ಹೋಲಿಸಿ. ಹಳೆಯ ಗಾರೆ ಕಟ್ಟಡದ ಅಂಚು ಕೆಲವು ಕಡೆ ನಿಜಕ್ಕೂ ಮುಕ್ಕಾಗಿರುತ್ತದೆ, ಕುಸಿದಿರುತ್ತದೆ. ಅದನ್ನು ನೇರ ಮಾಡುವುದು ಕಟ್ಟಡದ ವಯಸ್ಸನ್ನೇ ಅಳಿಸಿದ ಹಾಗೆ, ಅಷ್ಟು ದೂರ ಹೋಗಬೇಡಿ.

ಆಕಾಶಕ್ಕೆ ಇನ್ನೊಂದು ಪರೀಕ್ಷೆ. ಎಲ್ಲದರ ಮೇಲೆ ಒಂದು Curves ಲೇಯರ್ ಹಾಕಿ, ಗೆರೆಯನ್ನು ಮೇಲೆ ಕೆಳಗೆ ಅಲೆಯಂತೆ ಎಳೆಯಿರಿ. ಬಣ್ಣ ವಿಕಾರವಾಗುತ್ತದೆ, ಅದು ಬೇಕಾದದ್ದೇ. ತಂತಿ ಇದ್ದ ಜಾಗದಲ್ಲಿ ಹೀಲಿಂಗ್ ಬಿಟ್ಟ ಮಸುಕು ಪಟ್ಟಿ ಇದ್ದರೆ ಆಗ ಎದ್ದು ಕಾಣುತ್ತದೆ. ಆ ಜಾಗ ಗುರುತಿಟ್ಟುಕೊಂಡು ಮೊದಲು Curves ಲೇಯರ್ ತೆಗೆದುಬಿಡಿ, ನಂತರ ಅಲ್ಲಿ ಬ್ರಷ್ ಸ್ವಲ್ಪ ದೊಡ್ಡದು ಮಾಡಿ ಮತ್ತೊಂದು ಸಲ ಆಡಿಸಿ.

ಎಲ್ಲಿ ಅಳಿಸಬಾರದು ಅನ್ನುವುದೂ ಆಯ್ಕೆಯೇ. ಮಾರಾಟಕ್ಕೋ ಬಾಡಿಗೆಗೋ ಇಟ್ಟ ಮನೆಯ ಮುಂದೆ ಟ್ರಾನ್ಸ್‌ಫಾರ್ಮರ್ ಇದ್ದರೆ, ಸೈಟಿನ ಮೇಲೆ ಹೈಟೆನ್ಷನ್ ಲೈನ್ ಹಾದು ಹೋಗಿದ್ದರೆ ಅದನ್ನು ಫೋಟೋದಿಂದ ತೆಗೆಯುವುದು ಕೊಳ್ಳುವವರಿಗೆ ಮಾಡುವ ಮೋಸ. ಪತ್ರಿಕೆಗೆ ಸುದ್ದಿ ಚಿತ್ರ ಅಂತ ಕೊಡುವಾಗಲೂ, ಜೋತುಬಿದ್ದ ತಂತಿಯ ಬಗ್ಗೆ ಬೆಸ್ಕಾಂಗೆ ದೂರು ಕೊಡುವಾಗಲೂ ಮೂಲ ಫೋಟೋವೇ ಹೋಗಬೇಕು. ಹಾಗಾಗಿ ಅಳಿಸಿದ್ದನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಲೇಯರ್ ಇರುವ ಫೈಲ್ ಮತ್ತು ಕ್ಯಾಮೆರಾದಿಂದ ಬಂದ ಮೂಲ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.